ದೊಡ್ಡವ್ವನ ಹಗೇವು ಮತ್ತು ದೂರದ ಕಡಲು

ನಮ್ಮ ದೊಡ್ಡವ್ವನಿಗೆ ಪೆಸಿಫಿಕ್ ಮಹಾಸಾಗರದ ಪರಿಚಯ ಮಾಡಿಸಿದವಳು ನಾನೇ. ಅದೂ ಅತನೂರಿನ ಅವಳ ಪಡಸಾಲೆಯಲ್ಲಿ, ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ. ಪರಾತದ ತುಂಬ ನೀರು ಹಾಕಿ, ಮೇಲೆ ಒಂದು ಹಿಡಿ ಜೋಳದ ಹೊಟ್ಟು ಉದುರಿಸಿ, ಈ ತುದಿಯಿಂದ ಊದಿದೆ. ಹೊಟ್ಟೆಲ್ಲ ಆ ತುದಿಗೆ ಹೋಗಿ ಗುಂಪಾಯಿತು. ಊದುವುದನ್ನು ನಿಲ್ಲಿಸಿದೆ. ಹೊಟ್ಟು ಮೆಲ್ಲಗೆ ಹಿಂದಕ್ಕೆ ಸರಿದು ನಡುವೆ ಹರಡಿಕೊಂಡಿತು. ದೊಡ್ಡವ್ವ ಗಲ್ಲಕ್ಕೆ ಕೈಹಚ್ಚಿ ಕುಳಿತು ನೋಡಿದಳು. ಆಮೇಲೆ, ಪರಾತ ತೊಳೆದಿಡುವವರು ಯಾರು ಎಂದು ಕೇಳಿದಳು.

ದೊಡ್ಡವ್ವ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಕೊಂಡಿದ್ದರಿಂದ ಹೊಲಮನೆಯ ಕಾರಭಾರವೆಲ್ಲ ಅವಳದೇ. ಕೊರಳಲ್ಲಿ ಲಿಂಗ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಾಯಲ್ಲಿ ಸದಾ ಒಂದು ತಕರಾರು. ಕೂಲಿಯವರಿಗೆ ಅವಳ ಬಾಯಿಯ ಹೆದರಿಕೆ ಇತ್ತು, ಆದರೆ ಅವಳ ಮನೆಯ ಊಟ ಬಿಟ್ಟು ಬೇರೆ ಮನೆಗೆ ಯಾರೂ ಕೂಲಿಗೆ ಹೋಗುತ್ತಿರಲಿಲ್ಲ. ನಾನು ಅವಳ ಕೈಯಲ್ಲೇ ಬೆಳೆದವಳು. ಕೃಷಿ ಓದಿ, ಜಿಲ್ಲಾ ಕೇಂದ್ರದ ಹೊರವಲಯದ ಒಂದು ಸಂಶೋಧನಾ ಕೇಂದ್ರದಲ್ಲಿ ಹವಾಮಾನ ವಿಭಾಗದ ಕೆಲಸಕ್ಕೆ ಸೇರಿದಾಗ, ಊರಿನಲ್ಲಿ ಅವಳು ನನ್ನನ್ನು 'ಮಳೆ ಅಳಿಯಾಕಿ' ಎಂದು ಪರಿಚಯಿಸುತ್ತಿದ್ದಳು. ಅದರಲ್ಲಿ ಹೆಮ್ಮೆ ಎಷ್ಟು, ಚೇಷ್ಟೆ ಎಷ್ಟು ಅನ್ನುವುದು ನನಗೆ ಎಂದೂ ತಿಳಿಯಲಿಲ್ಲ.

ಕೆಲಸವೇನೋ ನಿಜವಾಗಿ ಅಳೆಯುವುದೇ. ಬೆಳಿಗ್ಗೆ ಮಳೆಮಾಪಕದ ನೀರು ಅಳೆಯುವುದು, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ಓದುವುದು, ಗಾಳಿಯ ದಿಕ್ಕು ಬರೆದುಕೊಳ್ಳುವುದು. ಆಮೇಲೆ ಪುಣೆಯ ಹವಾಮಾನ ಕಚೇರಿಯಿಂದ ಬರುವ ಬುಲೆಟಿನ್ ಓದಿ, ನಮ್ಮ ತಾಲ್ಲೂಕುಗಳ ರೈತರಿಗೆ ಅರ್ಥವಾಗುವ ಹಾಗೆ ನಾಲ್ಕು ಮಾತು ಬರೆದು ಕಳಿಸುವುದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ನನ್ನ ಪಾಲಿಗೆ ಬಂದಿದ್ದವು. ಬಿತ್ತನೆಗೆ ಮುಂಚೆ ಈ ಮೂರೂ ಕಡೆ ಸಭೆಗಳಾಗುತ್ತಿದ್ದವು. ಅಲ್ಲಿ ನಾನು ನಿಂತು ಮಾತಾಡಬೇಕು, ಎದುರಿಗೆ ಕುಳಿತವರು ಆಕಳಿಸಬೇಕು, ಕೊನೆಗೆ ಎಲ್ಲರೂ ಚಹಾ ಕುಡಿದು ಬಸ್ಸು ಹಿಡಿಯಬೇಕು.

ತೊಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಯಾರೂ ಆಕಳಿಸಲಿಲ್ಲ. ಪೆಸಿಫಿಕ್ ಬಿಸಿಯಾಗುತ್ತಿದೆ ಎಂಬ ಸುದ್ದಿ ಬಂದಿತ್ತು. ಪತ್ರಿಕೆಗಳು ಎಲ್ ನಿನೊ ಎಂಬ ಹೊಸ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದವು. ಆಳಂದದ ಸಭೆಗೆ ತೊಗರಿ ವ್ಯಾಪಾರಿಗಳೂ ಬಂದು ಗೋಡೆಗೆ ಒರಗಿ ನಿಂತಿದ್ದರು. ನಾನು ತಿಳಿದಷ್ಟನ್ನು ಹೇಳಿದೆ. ಸಾಮಾನ್ಯ ವರ್ಷಗಳಲ್ಲಿ ಆ ಮಹಾಸಾಗರದಲ್ಲಿ ಭೂಮಧ್ಯರೇಖೆಯ ಮೇಲೆ ಗಾಳಿ ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಮೇಲ್ಪದರದ ಬಿಸಿನೀರನ್ನು ಇಂಡೋನೇಷ್ಯಾ ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಇತ್ತ ದಕ್ಷಿಣ ಅಮೆರಿಕದ ದಂಡೆಯಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಬಿಸಿನೀರು ಎಲ್ಲಿಯೋ ಗಾಳಿ ಮೇಲೇರುವುದು ಅಲ್ಲಿ, ಮೋಡ ಕಟ್ಟುವುದೂ ಅಲ್ಲೇ. ಕೆಲವು ವರ್ಷ ಆ ಗಾಳಿ ಸೋಲುತ್ತದೆ. ಬಿಸಿನೀರು ನಡುಗಡಲಿಗೂ ಮೂಡಣ ದಂಡೆಗೂ ಸರಿಯುತ್ತದೆ, ಮಳೆಮೋಡವೂ ಅದರ ಬೆನ್ನು ಹತ್ತಿ ಹೋಗುತ್ತದೆ. ಆಗ ನಮ್ಮ ಕಡೆ ಗಾಳಿ ಮೇಲಿಂದ ಕೆಳಕ್ಕೆ ಇಳಿಯುವುದು ಹೆಚ್ಚಾಗಿ ಮುಂಗಾರು ಸೊರಗುವ ಸಂಭವವಿರುತ್ತದೆ. ಗಾಳಿ ಎಂದಿಗಿಂತ ಜೋರಾಗಿ ಬೀಸಿ ಅಲ್ಲಿ ನೀರು ತಣ್ಣಗಾದ ವರ್ಷ ಇದರ ಉಲ್ಟಾ. ನಮ್ಮ ಕಡೆ ಮಳೆ ಚಲೋ ಆಗುವ ಸಂಭವ ಹೆಚ್ಚು. ಹಾಗೆಂದು ಬಿಸಿಯಾದ ವರ್ಷವೆಲ್ಲ ಬರಗಾಲವಾಗಿಲ್ಲ, ಬರಗಾಲದ ವರ್ಷವೆಲ್ಲ ಕಡಲು ಬಿಸಿಯಾಗಿರಲಿಲ್ಲ. ಇಷ್ಟನ್ನೂ ಹೇಳಿದೆ.

ಅಧ್ಯಕ್ಷತೆ ವಹಿಸಿದ್ದ ಸಾಹೇಬರಿಗೆ ಸಂಭವಗಳ ಮೇಲೆ ಪ್ರೀತಿ ಇರಲಿಲ್ಲ. ಅವರು ಮುಗುಳ್ನಕ್ಕು, ಮೇಡಮ್ಮವರೇ, ಒಂದೇ ಮಾತಿನಲ್ಲಿ ಹೇಳಿ, ಮಳೆ ಇದೆಯೋ ಇಲ್ಲವೋ ಎಂದರು. ಒಂದೇ ಮಾತಿನಲ್ಲಿ ಬರುವುದಿಲ್ಲ ಎಂದೆ. ಸಾಹೇಬರು ಸಭೆಯತ್ತ ತಿರುಗಿ, ಅಂದರೆ ಈ ವರ್ಷ ಎಲ್ಲರೂ ಹುಷಾರಾಗಿರಬೇಕು ಎಂದು ಮುಗಿಸಿದರು. ಅವರು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಗೋಡೆಗೆ ಒರಗಿದ್ದವರು ಸಭೆ ಮುಗಿಯುವ ಮೊದಲೇ ಹೊರಗೆ ಹೋದರು. ಬಸ್ ಸ್ಟ್ಯಾಂಡಿಗೆ ನಾನು ಹೋಗುವಷ್ಟರಲ್ಲಿ, ಈ ವರ್ಷ ಬರ ಬೀಳುತ್ತದಂತೆ ಎಂದು ಕಬ್ಬಿನ ಹಾಲು ಮಾರುವವನೇ ನನಗೆ ತಿಳಿಸಿದ. ಯಾರು ಹೇಳಿದರು ಎಂದರೆ, ಕಲಬುರ್ಗಿಯಿಂದ ಒಬ್ಬ ಮೇಡಂ ಬಂದು ಹೇಳಿ ಹೋದರಂತೆ. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕಬ್ಬಿನ ಹಾಲು ಕುಡಿದು ಬಸ್ಸು ಹತ್ತಿದೆ.

ಅದೇ ವಾರ ಅತನೂರಿಗೆ ಹೋದಾಗ ಪರಾತದ ಪ್ರಸಂಗ ನಡೆದದ್ದು. ಪರಾತ ತೊಳೆದಿಟ್ಟ ಮೇಲೆ ದೊಡ್ಡವ್ವ ಕೇಳಿದ್ದು ಒಂದೇ ಪ್ರಶ್ನೆ: ಎಪ್ಪತ್ತೆರಡರ ಬರದ ವರ್ಷವೂ ಆ ಕಡಲು ಹೀಗೇ ಬಿಸಿಯಾಗಿತ್ತೇನು? ಹೌದು, ಆಗಿತ್ತು ಎಂದೆ. ಅವಳು ಎದ್ದು ಹೋಗಿ ಅಂಗಳದ ಮೂಲೆಯ ಹಗೇವಿನ ಮೇಲೆ ನಿಂತಳು.

ಹಗೇವು ಅಂದರೆ ನೆಲದೊಳಗಿನ ಕಣಜ. ಈಗಿನವರು ನೋಡಿರಲಿಕ್ಕಿಲ್ಲ. ನಮ್ಮ ಊರಿನ ಹೊಲಗಳೆಲ್ಲ ಎರೆಭೂಮಿ, ಆದರೆ ನಮ್ಮ ಓಣಿ ಇರುವುದು ಗಟ್ಟಿ ಗರಸಿನ ದಿಬ್ಬದ ಮೇಲೆ. ಅಲ್ಲಿ ಆಳೆತ್ತರಕ್ಕಿಂತ ಆಳವಾಗಿ, ಮೇಲೆ ಕಿರಿದು ಒಳಗೆ ಅಗಲವಾಗಿ ಗಡಿಗೆಯಂತೆ ಅಗೆದಿದ್ದರು. ತುಂಬುವ ಮೊದಲು ಒಳಗೆ ಬೆಂಕಿ ಹಾಕಿ ಒಣಗಿಸಿ, ಬುಡಕ್ಕೂ ಗೋಡೆಗೂ ಜೋಳದ ಒಣ ದಂಟಿನ ಕಣಕಿ ಹಾಸಿ, ಒಣ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು, ಬೂದಿ ಮತ್ತು ಕೆಸರಿನಿಂದ ಮುಚ್ಚುತ್ತಿದ್ದರು. ಗಾಳಿ ಹೋಗದಿದ್ದರೆ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಹಾಗೇ ಇರುತ್ತದೆ. ಎಪ್ಪತ್ತೆರಡರಲ್ಲಿ ಓಣಿಯವರು ಉಂಡದ್ದು ಈ ಹಗೇವಿನ ಜೋಳ. ನಾನಾಗ ಸಣ್ಣವಳು. ಊರ ಹೊರಗೆ ಸರಕಾರದ ಬರಗಾಲ ಕಾಮಗಾರಿಯಲ್ಲಿ ಜನ ಕಲ್ಲು ಒಡೆಯುತ್ತಿದ್ದದ್ದು, ಸಂಜೆ ದೊಡ್ಡವ್ವನ ಅಂಗಳದಲ್ಲಿ ಹೆಂಗಸರು ಜೋಳಕ್ಕಾಗಿ ಮೊರ ಹಿಡಿದು ಕೂತದ್ದು ನೆನಪಿದೆ. ಆಮೇಲೆ ಗೋಣಿಚೀಲ, ತಗಡಿನ ಡಬ್ಬಿ, ರೇಷನ್ ಅಂಗಡಿ ಬಂದು ಹಗೇವು ಖಾಲಿ ಬಿತ್ತು. ಅದರ ಮೇಲೆ ಕುರಿ ಕಟ್ಟುತ್ತಿದ್ದರು.

ದೊಡ್ಡವ್ವ ಕುರಿ ಬಿಚ್ಚಿಸಿ ಹಗೇವು ತೆಗೆಸಿದಳು. ಆ ವರ್ಷದ ಹಿಂಗಾರಿ ಜೋಳ ಚಲೋ ಬಂದಿತ್ತು, ಮನೆಯಲ್ಲಿತ್ತು. ತನ್ನದನ್ನೆಲ್ಲ ಸುರಿಯುತ್ತೇನೆ ಅಂದಳು. ಅವಳು ಸುರಿಯುತ್ತಾಳೆ ಅಂದಮೇಲೆ ಓಣಿಯ ಇನ್ನೂ ನಾಲ್ಕು ಮನೆಯವರು ತಮ್ಮ ಜೋಳ ಹೊತ್ತು ತಂದರು. ಅವರಾರೂ ಪೆಸಿಫಿಕ್ ಸುದ್ದಿ ಕೇಳಿ ಬಂದವರಲ್ಲ, ದೊಡ್ಡವ್ವನನ್ನು ನಂಬಿ ಬಂದವರು. ಮಾರಿಬಿಡಬಹುದಾಗಿದ್ದ ಜೋಳ ಅದು. ಮುಂದಿನ ಸುಗ್ಗಿಯವರೆಗೆ ಆ ಐದು ಮನೆಗಳ ರೊಟ್ಟಿ ಆ ತಗ್ಗಿನಲ್ಲಿತ್ತು. ಮೇಲಿನ ಖರ್ಚಿಗೆ ಎಂದು ಮನೆಯಲ್ಲಿ ಉಳಿಸಿಕೊಂಡದ್ದು ದೀಪಾವಳಿವರೆಗೆ ಸಾಲುವಷ್ಟು.

ಬಾಯಿ ಮುಚ್ಚುವ ದಿನ ನಾನೂ ಇದ್ದೆ. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಹಾಸುಗಲ್ಲಿನ ಮೇಲೆ ಮೆತ್ತಿದ ಕೆಸರು ಹಸಿಯಿರುವಾಗಲೇ, ಜೋಳ ಹಾಕಿದ ಪ್ರತಿ ಮನೆಯ ಹಿರಿಯರು ಅದರ ಮೇಲೆ ತಮ್ಮ ಅಂಗೈ ಒತ್ತಬೇಕು. ತೆಗೆಯುವಾಗ ಆ ಎಲ್ಲ ಕೈಗಳೂ ಇರಬೇಕು. ಒಂದು ಕೈ ಕಡಿಮೆಯಾದರೂ ಹಗೇವಿನ ಬಾಯಿ ತೆಗೆಯುವಂತಿಲ್ಲ. ಐದು ಅಂಗೈಗಳು ಕೆಸರಿನಲ್ಲಿ ಮೂಡಿದವು. ಎಲ್ಲಕ್ಕಿಂತ ಸಣ್ಣದು ದೊಡ್ಡವ್ವನದು. ಆ ಸಣ್ಣ ಕೈಯಿಂದ ಏಟು ತಿಂದದ್ದು ನೆನಪಾಗಿ ನನಗೆ ನಗು ಬಂತು.

ಮುಂಗಾರು ಶುರುವಾಯಿತು. ಮಿರಗದ ಮಳೆ ತಡವಾಯಿತು, ಆರಿದ್ರಾ ಅಷ್ಟಕ್ಕಷ್ಟೇ. ಜನ ನನ್ನನ್ನು ಗೌರವದಿಂದ ನೋಡತೊಡಗಿದರು. ನಡುವೆ ಒಂದು ದೊಡ್ಡ ಬಿಡುವು ಬಿದ್ದಾಗ ತೊಗರಿ ಎಲೆ ಜೋತು, ನನ್ನ ಗೌರವ ಇನ್ನೂ ಹೆಚ್ಚಿತು. ಆಮೇಲೆ ಮಳೆ ಬಂತು. ಬಿಡುವು ಕೊಟ್ಟು ಕೊಟ್ಟು ಬಂತಾದರೂ ಬಂತು. ದೇಶದ ಲೆಕ್ಕದಲ್ಲಿ ಆ ವರ್ಷದ ಮುಂಗಾರು ಸಾಧಾರಣಕ್ಕಿಂತ ಏನೂ ಕಡಿಮೆಯಾಗಲಿಲ್ಲ. ಅಷ್ಟು ಬಿಸಿಯಾದ ಪೆಸಿಫಿಕ್, ಇಷ್ಟು ನೆಟ್ಟಗಿನ ಮುಂಗಾರು. ಪುಣೆಯ ದೊಡ್ಡವರೂ ತಲೆ ಕೆರೆದುಕೊಂಡರು. ನಮ್ಮದೇ ಹಿಂದೂ ಮಹಾಸಾಗರದ ಪಡುವಣ ಭಾಗ, ಆಫ್ರಿಕಾದ ಕಡೆಯದು, ಆ ವರ್ಷ ಬಿಸಿಯಾಗಿ ಮೂಡಣದ ಭಾಗ ತಣ್ಣಗಾಗಿತ್ತು. ಅದು ಪೆಸಿಫಿಕ್‌ನ ಪೆಟ್ಟನ್ನು ತಡೆದಿರಬೇಕು ಎಂಬ ವಿವರಣೆ ಬಂದದ್ದು ಎಷ್ಟೋ ತಡವಾಗಿ. ಆಗ ನನ್ನ ಬಳಿ ವಿವರಣೆಯೇನೂ ಇರಲಿಲ್ಲ.

ಇಲ್ಲದಿದ್ದರೇನು, ಕೇಳುವವರು ಬೇಕಾದಷ್ಟಿದ್ದರು. ಜೇವರ್ಗಿಯ ಸಭೆಯಲ್ಲಿ ಭೀಮಾ ದಂಡೆಯ ಒಬ್ಬ ಹಿರಿಯರು ರುಮಾಲು ಸರಿಪಡಿಸಿಕೊಳ್ಳುತ್ತ ಎದ್ದು ನಿಂತು, ಬಹಳ ವಿನಯದಿಂದ ಕೇಳಿದರು: "ಮೇಡಮ್ಮೋರ, ನಿಮ್ಮ ಸಮುದ್ರ ಆರಿತೇನ್ರಿ, ಇನ್ನಾ ಕುದೀಲಾಕತ್ತದೇನ್ರಿ?" ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಇನ್ನೂ ಬಿಸಿಯಾಗುತ್ತಿದೆ ಎಂದು ನಿಜವನ್ನೇ ಹೇಳಿದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಅತನೂರಿನಲ್ಲಿ ಯಾರೂ ನಗಲಿಲ್ಲ. ಜೋಳ ಹಗೇವಿನಲ್ಲಿದೆ, ಮಳೆಯೂ ಆಯಿತು, ಎರಡೂ ಲಾಭವೇ ಎಂದು ಓಣಿಯವರು ಹೇಳಿಕೊಂಡರು. ಹಸ್ತದ ಮಳೆಗೆ ಹಿಂಗಾರಿ ಜೋಳ ಬಿತ್ತಿದರು. ದಸರೆ ಮುಗಿದೊಡನೆ ಹಗೇವಿಗೆ ಕೈ ಒತ್ತಿದ ಮನೆಗಳಲ್ಲಿ ಎರಡು ಮನೆಯವರು ಎಂದಿನಂತೆ ಕಬ್ಬು ಕಡಿಯಲು ಸೊಲ್ಲಾಪುರದ ಕಡೆಗೆ ಹೋದರು.

ನನ್ನ ಸಮಾಧಾನ ಕೆಟ್ಟದ್ದು ಆಗ. ಬುಲೆಟಿನ್ನುಗಳ ಪ್ರಕಾರ ಕಡಲು ಆರುವ ಲಕ್ಷಣವೇ ಇರಲಿಲ್ಲ. ಇಂಡೋನೇಷ್ಯಾದಲ್ಲಿ ಮಳೆಯಿಲ್ಲದೆ ಕಾಡಿಗೆ ಬೆಂಕಿ ಬಿದ್ದು ಊರಿಗೆ ಊರೇ ಹೊಗೆಯಲ್ಲಿ ಮುಳುಗಿದ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಬಿಸಿ ವರ್ಷಕ್ಕೆ ಇನ್ನೊಂದು ಮುಖವಿದೆ ಎಂಬುದು ನಮ್ಮ ವಿದ್ಯೆಯಲ್ಲಿ ತಿಳಿದದ್ದೇ. ಮುಂಗಾರನ್ನು ಸೊರಗಿಸುವ ಅದೇ ಬಿಸಿ, ಮುಂಗಾರು ಹಿಂತಿರುಗಿದ ಮೇಲೆ ದಕ್ಷಿಣದಲ್ಲಿ ಬೀಳುವ ಮಳೆಯನ್ನು ಹೆಚ್ಚಾಗಿ ಬಲಪಡಿಸುತ್ತದೆ. ತಮಿಳುನಾಡು, ರಾಯಲಸೀಮೆಗೆ ಅದು ದೊಡ್ಡ ಮಳೆ. ನಮ್ಮ ಕಡೆಗೆ ಅದರ ಸೆರಗು ಮಾತ್ರ ತಾಗುತ್ತದೆ, ಎಷ್ಟೋ ವರ್ಷ ತಾಗುವುದೂ ಇಲ್ಲ. ಬೇಸಿಗೆಯ ಸಭೆಗಳಲ್ಲಿ ಈ ಮಾತು ಯಾರೂ ಕೇಳಿರಲಿಲ್ಲ. ನಮ್ಮವರ ಲೆಕ್ಕದಲ್ಲಿ ಸ್ವಾತಿ ಮುಗಿದರೆ ಮಳೆಗಾಲ ಮುಗಿಯಿತು, ಆಮೇಲಿನದೆಲ್ಲ ಮಂಜು ಮತ್ತು ಬಿಸಿಲು. ಬರವೆಂದರೆ ಒಣಗುವುದು ಎಂದೇ ಎಲ್ಲರ ತಿಳಿವಳಿಕೆ. ಬರದ ಸುದ್ದಿ ಕೇಳಿ ನೆಲದೊಳಗೆ ಜೋಳ ಇಟ್ಟವರಿಗೆ ನೀರಿನ ಭಯ ಯಾಕೆ ಬರಬೇಕು?

ದೀಪಾವಳಿಗೆ ಮುಂಚೆ ರಜೆ ಹಾಕಿ ಅತನೂರಿಗೆ ಹೋದೆ. ಆಕಾಶ ನೀಲಿಯಾಗಿತ್ತು. ದೊಡ್ಡವ್ವ ಅಂಗಳದಲ್ಲಿ ಕೂತು ಅಲಸಂದಿ ಬಿಡಿಸುತ್ತಿದ್ದಳು. ಚಹಾ ಕುಡಿಯುವವರೆಗೂ ತಡೆದು, ಹಗೇವು ಈಗಲೇ ತೆಗೆಸಿಬಿಡು, ಜೋಳ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಸು ಎಂದೆ. ಯಾಕೆ ಅಂದಳು. ಮಳೆ ಬರಬಹುದು ಅಂದೆ. ಅವಳು ಅಲಸಂದಿ ಬಿಡಿಸುವುದನ್ನು ನಿಲ್ಲಿಸಿ ಆಕಾಶ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಬ್ಯಾಸಗ್ಯಾಗ ಬಂದು ಮಳಿ ಹೋಗ್ತದಂದಿ. ಈಗ ಬಂದು ಮಳಿ ಬರ್ತದಂತಿ. ಆ ಕಡಲೇನು ನಮ್ಮ ಸಣ್ಣ ಮಾವನ್ಹಂಗ ಐತೇನ ಬೇ, ಊಟಕ್ಕ ಕರದ್ರ ಬರಂಗಿಲ್ಲ, ಎಲ್ಲಾರ್ದೂ ಊಟ ಆದಮ್ಯಾಲೆ ಬರ್ತದ?"

ಹಾಗೇ ಇದೆ ಎಂದೆ. ಪರಾತ ತಂದು ಮತ್ತೆ ಊದಿ ತೋರಿಸಬೇಕೇ ಎಂದು ಕೇಳಿದೆ. ಬೇಡ ಎಂದಳು. ಅವಳಿಗೆ ಮಾತು ನಾಟಿತ್ತು ಅನ್ನುವುದು ನನಗೆ ಗೊತ್ತಾಯಿತು, ಏಕೆಂದರೆ ತಕರಾರು ತೆಗೆಯಲಿಲ್ಲ. ಎದ್ದು ಹಗೇವಿನ ಹತ್ತಿರ ಹೋಗಿ, ಒಣಗಿ ಕಲ್ಲಿನಂತಾದ ಆ ಕೆಸರಿನ ಮೇಲಿನ ಅಂಗೈ ಗುರುತುಗಳನ್ನು ಸೆರಗಿನಿಂದ ಒರೆಸಿದಳು. ಎರಡು ಕೈಗಳು ಊರಲ್ಲಿ ಇಲ್ಲ, ಹೇಗೆ ತೆಗೆಯಲಿ ಎಂದಳು.

ನನಗೆ ಸಿಟ್ಟು ಬಂತು. ಜೋಳ ಕೊಳೆತರೆ ಆ ಕೈಗಳು ಬಂದು ಏನು ಮಾಡುತ್ತವೆ ಎಂದೆ. ಅವರ ಜೋಳವನ್ನು ಉಳಿಸುವುದಕ್ಕೇ ಅಲ್ಲವೇ ತೆಗೆಯುವುದು, ಅವರ ಪಾಲು ಅಳೆದು ಬೇರೆ ಇಟ್ಟರಾಯಿತು ಎಂದೆ. ಓದಿದವಳು ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಅವಳು ಸೆರಗು ಜಾಡಿಸಿಕೊಂಡು ನನ್ನತ್ತ ತಿರುಗಿದಳು.

"ನಾ ತಗದೆ, ಮಳಿ ಬರ್ಲಿಲ್ಲ ಅಂತಿಟ್ಕೋ. ಅವರು ಬಂದು, ನಾವಿಲ್ಲದಾಗ ಯಾಕ ತಗದಿ ಅಂದ್ರ ನಾ ಏನ್ ಹೇಳ್ಲಿ? ಕಡಲು ಬಿಸಿ ಆಗಿತ್ತು ಅನ್ಲೇನು? ಅವರು ಜ್ವಾಳ ಹಾಕಿದ್ದು ಕಡಲಿಗಲ್ಲ, ನನ್ನ ಮಾತಿಗೆ."

ಮಳೆ ಬಂದೇ ಬರುತ್ತದೆ ಎಂದು ನಾನು ಹೇಳುವಂತಿದ್ದರೆ ಅವಳು ಪದ್ಧತಿ ಮುರಿಯುತ್ತಿದ್ದಳೋ ಏನೋ. ಆದರೆ ಹಾಗೆ ಹೇಳಲು ನನ್ನ ವಿದ್ಯೆ ಬಿಡುವುದಿಲ್ಲ. ಸಂಭವ ಹೆಚ್ಚು ಎಂದಷ್ಟೇ ಹೇಳಬಲ್ಲೆ. ಸಂಭವದ ಮೇಲೆ ಕೊಟ್ಟ ಮಾತು ಮುರಿಯುವವಳು ಅವಳಲ್ಲ.

ಕೈಕಟ್ಟಿ ಕೂರುವವಳೂ ಅವಳಲ್ಲ. ಅಫಜಲಪುರದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಬ್ಬಿನ ಕಡೆ ಹೋದವರಿಗೆ ಬುಲಾವು ಕಳಿಸಿದಳು. ಅವರು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಟೋಳಿಯೊಡನೆ ತಿರುಗುವವರು. ಮಾತು ಅವರನ್ನು ಮುಟ್ಟಲು ತಡವಾಯಿತು. ಈ ಕಡೆ ಹಗೇವಿನ ಸುತ್ತ ಕಾಲುವೆ ತೆಗೆಸಿದಳು. ಬಾಯಿಯ ಮೇಲೆ ಮಣ್ಣು ಏರಿಸಿ ದಿಬ್ಬ ಮಾಡಿಸಿದಳು, ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಿಸಿದಳು. ಬಿಸಿಲಲ್ಲಿ ಹಗೇವಿಗೆ ಕೊಡೆ ಹಿಡಿದಿದ್ದಾರೆ ಎಂದು ಓಣಿಯವರು ಚೇಷ್ಟೆ ಮಾಡಿದರು. ಅವಳು ಅವರ ಅಜ್ಜ ಮುತ್ತಜ್ಜರ ಹೆಸರೆಲ್ಲ ಎತ್ತಿ ಬೈದಳಂತೆ.

ದೀಪಾವಳಿ ಒಣಹವೆಯಲ್ಲೇ ಕಳೆಯಿತು. ಅದಾದ ಮೇಲೆ ಒಂದು ದಿನ ಬೆಳಿಗ್ಗೆ ನಮ್ಮ ಕೇಂದ್ರದ ಗಾಳಿಯ ಬಾಣ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಮೋಡ ಮುಚ್ಚಿತು. ತೊಗರಿ ಹೂವು ಬಿಟ್ಟ ಹೊತ್ತು ಅದು. ಮಳೆ ಬಂತು; ಮುಂಗಾರಿನ ಗುಡುಗು ಮಿಂಚಿನ ಅಬ್ಬರವಿಲ್ಲದೆ, ನೆಂಟರು ಬಂದು ಉಳಿದುಕೊಂಡ ಹಾಗೆ ಹೋಗುವ ಮಾತೇ ಆಡದೆ ಸುರಿಯಿತು. ಬಿಡುವು ಕೊಟ್ಟು ಮತ್ತೆ ಬಂತು. ತೊಗರಿ ಹೂವು ಉದುರಿತು. ಉಳಿದ ಕಾಯಿಗೆ ಮೋಡದ ಹವೆಯಲ್ಲಿ ಹಸಿರು ಹುಳ ಬಿದ್ದು, ಯಾವ ಔಷಧಿಗೂ ಬಗ್ಗಲಿಲ್ಲ. ಮೂರೂ ತಾಲ್ಲೂಕುಗಳಿಂದ ನನಗೆ ಅದೇ ವರದಿ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿಯುವಾಗ ನನ್ನ ತಲೆಯಲ್ಲಿ ಹಗೇವು ಒಂದೇ ಇರುತ್ತಿತ್ತು. ಹೇಳಿದ್ದು ನಿಜವಾಯಿತು ಎಂದು ಸಹೋದ್ಯೋಗಿಗಳು ಕೈ ಕುಲುಕಿದರು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಕಬ್ಬಿನ ಕಡೆಯವರು ಮಳೆಯಲ್ಲೇ ನೆನೆಯುತ್ತ ಊರಿಗೆ ಬಂದರು. ನಾನೂ ಹೋದೆ. ತಾಡಪತ್ರಿ ಸರಿಸಿ ಮಣ್ಣು ತೆಗೆದಾಗ ಬಾಯಿಯ ಕೆಸರು ಒಣಗಿಯೇ ಇತ್ತು, ಐದು ಅಂಗೈಗಳೂ ಹಾಗೇ ಇದ್ದವು. ಎಲ್ಲರ ಮುಖ ಅರಳಿತು. ಕಲ್ಲು ಸರಿಸಿದ ಕೂಡಲೇ ಬಂದ ವಾಸನೆಗೆ ಮತ್ತೆ ಬಾಡಿತು. ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ, ತೆಗೆದೊಡನೆ ಯಾರೂ ಇಳಿಯಬಾರದು. ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಆ ದಿನ ಯಾರೂ ಇಳಿಯಲಿಲ್ಲ. ಬಾಯಿ ತೆರೆದೇ ಇಟ್ಟು, ಮೇಲೆ ತಗಡಿನ ಚಪ್ಪರ ನಿಲ್ಲಿಸಿ, ಕಂಬಳಿ ಬೀಸಿ ಬೀಸಿ ಗಾಳಿ ಹೊಡೆದರು. ಮರುದಿನ ಕಂದೀಲು ಜೋಳದ ಮೇಲೆ ಕೂತು ಉರಿದ ಮೇಲೆಯೇ ಒಬ್ಬರು ಬುಟ್ಟಿ ಹಿಡಿದು ಇಳಿದರು.

ನೀರು ಬಾಯಿಯಿಂದ ಬಂದಿರಲಿಲ್ಲ. ಮುಂಗಾರಿಗೇ ಹೊಟ್ಟೆ ತುಂಬಿದ್ದ ನೆಲ, ಈ ಮಳೆಯ ನೀರನ್ನು ಹಿಡಿದುಕೊಳ್ಳಲಾರದೆ ಪಕ್ಕದಿಂದ ಹಗೇವಿನೊಳಗೆ ಜಿನುಗಿಸಿತ್ತು. ದೊಡ್ಡವ್ವ ಹೊದಿಸಿದ ಕೊಡೆ ಅದನ್ನು ತಡೆಯುವಂಥದ್ದಲ್ಲ. ಬುಡದ ಜೋಳ ಕಪ್ಪಾಗಿ ಗಡ್ಡೆ ಕಟ್ಟಿತ್ತು. ಅದನ್ನು ನೇರ ತಿಪ್ಪೆಗೆ ಹಾಕಿದರು, ದನಕ್ಕೂ ಹಾಕಬೇಡಿ ಎಂದು ನಾನು ನಿಂತು ಹೇಳಿದೆ. ಗೋಡೆಯ ಪಕ್ಕದ್ದು ಬೂಷ್ಟು ಹಿಡಿಯದಿದ್ದರೂ ಮುಗ್ಗು ವಾಸನೆ ಹೊಡೆದು ಕಂದಾಗಿತ್ತು. ನಡುವಿನದು ಮಾತ್ರ ಬೇಸಿಗೆಯಲ್ಲಿ ಹಾಕಿದಂತೆಯೇ ಬೆಳ್ಳಗೆ, ಬೆರಳ ಸಂದಿಯಲ್ಲಿ ಜಾರುವ ಹಾಗೆ ಇತ್ತು.

ಹೊರಗೆ ಎರಡು ರಾಶಿ ಬಿದ್ದವು, ಬಿಳಿಯದೊಂದು ಕಂದಿನದೊಂದು. ಇನ್ನು ಪಾಲು ಆಗಬೇಕು. ನನಗೆ ಗೊತ್ತಿದ್ದ ಲೆಕ್ಕದಲ್ಲಿ ಎರಡೂ ರಾಶಿಯಲ್ಲಿ ಎಲ್ಲರಿಗೂ ಪಾಲು ಬರಬೇಕು. ಎಲ್ಲಕ್ಕಿಂತ ಹೆಚ್ಚು ಜೋಳ ಹಾಕಿದವಳು ದೊಡ್ಡವ್ವ, ಬಿಳಿಯದರಲ್ಲೂ ಅವಳ ಪಾಲೇ ದೊಡ್ಡದು. ಅವಳು ಸೇರು ತರಿಸಿ, ನಾಲ್ಕು ಮನೆಗೂ ಅವರವರು ಹಾಕಿದಷ್ಟನ್ನು ಬಿಳಿ ರಾಶಿಯಿಂದ ಅಳೆದುಕೊಟ್ಟಳು. ಕೊನೆಯ ಮನೆಯದನ್ನು ಅಳೆದು ಮುಗಿಸುವಷ್ಟರಲ್ಲಿ ಬಿಳಿ ರಾಶಿಯೂ ಮುಗಿದು, ಅವಳ ಪಾಲಿಗೆ ಕಂದು ರಾಶಿಯಷ್ಟೇ ಉಳಿಯಿತು. ಕಬ್ಬಿನ ಕಡೆಯಿಂದ ಬಂದವರಲ್ಲಿ ಒಬ್ಬರು, ನಾವು ಊರಲ್ಲಿ ಇಲ್ಲದ್ದಕ್ಕೇ ಹೀಗಾಯಿತಲ್ಲ ಎಂದು ತಮ್ಮ ಚೀಲವನ್ನು ಕಂದು ರಾಶಿಯ ಕಡೆಗೆ ಎಳೆದರು. ದೊಡ್ಡವ್ವ ಆ ಚೀಲದ ಮೇಲೆ ಕಾಲಿಟ್ಟಳು. ನನ್ನ ಮಾತಿಗೆ ಹಾಕಿದವರು ನೀವು, ತಗೊಂಡು ಹೋಗ್ರಿ ಎಂದಳು. ಅವಳ ದನಿ ಕೇಳಿ ಅವರು ತಗೊಂಡು ಹೋದರು.

ನಾನು ಅಂದು ಸಂಜೆಯ ಬಸ್ಸಿಗೆ ಹೊರಟೆ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎಂದು ಬಸ್ಸಿನುದ್ದಕ್ಕೂ ಅನ್ನಿಸಿತು. ಬೈಗುಳಕ್ಕೆ ಉತ್ತರ ಕೊಡಬಹುದು. ನಾನು ಹೇಳಿದ್ದು ಸರಿಯಿತ್ತು, ಬೇಸಿಗೆಯಲ್ಲಿ ಹೇಳಿದ್ದೂ ಸರಿ, ದೀಪಾವಳಿಗೆ ಹೇಳಿದ್ದೂ ಸರಿ. ಇದನ್ನೆಲ್ಲ ಒಪ್ಪಿಸಲು ನನಗೊಂದು ಬೈಗುಳ ಬೇಕಿತ್ತು.

ಎಳ್ಳ ಅಮಾವಾಸ್ಯೆಗೆ ಮತ್ತೆ ಹೋದೆ. ನಮ್ಮ ಕಡೆ ಆ ದಿನ ಊರೆಲ್ಲ ಹೊಲಕ್ಕೆ ಹೋಗುತ್ತದೆ. ಬುತ್ತಿ ಹೊತ್ತು ಹೋಗಿ, ಅದರಲ್ಲಿ ಒಂದಿಷ್ಟನ್ನು ಬೆಳೆದು ನಿಂತ ಪೈರಿಗೆ ಚರಗವೆಂದು ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಉಣ್ಣುವುದು. ಆ ವರ್ಷ ತೊಗರಿ ಹೊಲಗಳು ಬರೀ ಕಡ್ಡಿಯಾಗಿದ್ದವು. ಕಣ್ಣಿಗೆ ಹಿತವಾಗಿದ್ದದ್ದು ಹಿಂಗಾರಿ ಜೋಳವೊಂದೇ. ನಮ್ಮ ತೊಗರಿ ಕೊಂದ ಮಳೆಯ ತೇವವನ್ನೇ ಕುಡಿದು ಕಡುಹಸಿರಾಗಿ ಎದೆಯೆತ್ತರ ನಿಂತಿತ್ತು. ದೊಡ್ಡವ್ವ ಅದರ ಮಧ್ಯೆ ನಡೆದುಕೊಂಡು ಹೋಗಿ ಚರಗ ಚೆಲ್ಲಿ ಬಂದಳು. ಓಣಿಯ ನಾಲ್ಕೂ ಮನೆಯವರು ಅವಳ ಹೊಲಕ್ಕೇ ಊಟಕ್ಕೆ ಬಂದಿದ್ದರು.

ಎಲ್ಲರೂ ಸಾಲಾಗಿ ಕೂತೆವು. ದೊಡ್ಡವ್ವನೇ ಬಡಿಸಿದಳು. ಕಾಳು ಸೊಪ್ಪು ಬೆರೆಸಿ ಕುದಿಸಿದ ಭಜ್ಜಿ, ಕಡಬು, ಶೇಂಗಾ ಹಿಂಡಿ, ಕೆನೆಮೊಸರು. ರೊಟ್ಟಿಯ ಬುಟ್ಟಿಗಳು ಎರಡಿದ್ದವು. ಒಂದು ದೊಡ್ಡದು, ಮೇಲೆ ಹೊಸ ಬಟ್ಟೆ ಮುಚ್ಚಿದ್ದು. ಅದರಿಂದ ಸಾಲಿನವರಿಗೆಲ್ಲ ಬೆಳ್ಳನೆಯ ರೊಟ್ಟಿ ಬಡಿಸುತ್ತ ಬಂದಳು. ಹಬ್ಬಕ್ಕೆಂದು ಹೊಸದಾಗಿ ಕೊಂಡು ತಂದ ಜೋಳದ್ದಂತೆ. ನನ್ನ ಮುಂದೆ ಬಂದಾಗ ಆ ಬುಟ್ಟಿ ಕೆಳಗಿಟ್ಟು, ಸಣ್ಣ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ಬಣ್ಣ ಕಂದು. ಮುರಿದಾಗ ಹಗೇವಿನ ವಾಸನೆ ಬಂತು. ಏಳು ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಒಂದೊಂದೇ ಕಾಳು ಆರಿಸಿ ಬೀಸಿದ್ದಳಂತೆ, ಆದರೂ ಆ ವಾಸನೆ ಹೋಗಿರಲಿಲ್ಲ.

ಮುಖ ಬಿಸಿಯಾಯಿತು. ಇಷ್ಟು ಜನರ ನಡುವೆ ನನಗೆ ಹೀಗೆ ತೋರಿಸಿಕೊಡಬೇಕಿತ್ತೇ ಎಂದು ತಲೆ ಎತ್ತಿದೆ. ಅವಳು ಆಗಲೇ ನನ್ನ ಪಕ್ಕದಲ್ಲಿ ಕಾಲು ಮಡಿಸಿ ಕೂತು, ಅದೇ ಸಣ್ಣ ಬುಟ್ಟಿಯಿಂದ ತನ್ನ ತಾಟಿಗೂ ಒಂದು ರೊಟ್ಟಿ ಹಾಕಿಕೊಂಡಿದ್ದಳು. ಬುಟ್ಟಿಯನ್ನು ನಮ್ಮಿಬ್ಬರ ನಡುವೆ ಇಟ್ಟಳು.

"ಅವರು ನೆಂಟರು ಬೇ," ಎಂದಳು, ಸಣ್ಣ ದನಿಯಲ್ಲಿ. "ನೀ ಮನಿ ಮಗಳು. ನಿಂದೂ ನಂದೂ ಒಂದ ಬುಟ್ಟಿ."

ಭಜ್ಜಿಯಲ್ಲಿ ಅದ್ದಿಕೊಂಡು ತಿಂದೆ. ಕಹಿಯಾಗಿತ್ತು. ಅವಳು ಮುಖ ಸಿಂಡರಿಸದೆ ಉಣ್ಣುತ್ತಿದ್ದಳು, ನಡುವೆ ಸಾಲಿನ ಆ ತುದಿಯವರಿಗೆ ಮೊಸರು ಹಾಕಿಕೊಳ್ಳಿ ಎಂದು ಕೂಗಿ ಹೇಳುತ್ತಿದ್ದಳು. ನನ್ನ ರೊಟ್ಟಿ ಮುಗಿಯಿತು. ಬುಟ್ಟಿಗೆ ಕೈ ಹಾಕಿ ಇನ್ನೊಂದು ತಗೊಂಡೆ.